ಒಂದು ಪುಸ್ತಕದಲ್ಲಿ ಕೂಡು, ಇನ್ನೊಂದರಲ್ಲಿ ಕಳೆ

ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ಓದುವ ಮಕ್ಕಳ ಚೀಲದಲ್ಲಿ ಎನ್‌ಸಿಇಆರ್‌ಟಿಯ ಎರಡು ಪುಸ್ತಕಗಳಿರುತ್ತವೆ. ಒಂದು ಭೌತಶಾಸ್ತ್ರದ್ದು, ಇನ್ನೊಂದು ರಸಾಯನಶಾಸ್ತ್ರದ್ದು. ಎರಡರಲ್ಲೂ ಥರ್ಮೋಡೈನಮಿಕ್ಸ್‌ಗೆ ಒಂದೊಂದು ಅಧ್ಯಾಯವಿದೆ, ಎರಡರಲ್ಲೂ ಶಕ್ತಿ ಸಂರಕ್ಷಣೆಯನ್ನು ಹೇಳುವ ಮೊದಲನೆಯ ನಿಯಮವಿದೆ. ಭೌತಶಾಸ್ತ್ರದ ಪುಸ್ತಕ ಅದನ್ನು ΔQ = ΔU + ΔW ಎಂದು ಬರೆಯುತ್ತದೆ. ΔU ಒಂದನ್ನೇ ಎಡಗಡೆ ಉಳಿಸಿಕೊಂಡರೆ ಅದು ΔU = ΔQ − ΔW ಆಗುತ್ತದೆ. ರಸಾಯನಶಾಸ್ತ್ರದ ಪುಸ್ತಕ ತೆರೆದರೆ ಅಲ್ಲಿರುವುದು ΔU = q + w. ಒಂದು ಕಡೆ ಕೆಲಸವನ್ನು ಕಳೆಯಬೇಕು, ಇನ್ನೊಂದು ಕಡೆ ಕೂಡಬೇಕು. ಬೆಳಿಗ್ಗೆ ಒಂದು ಪಾಠ, ಮಧ್ಯಾಹ್ನ ಇನ್ನೊಂದು ಪಾಠ ಕೇಳಿದ ಹುಡುಗ ಗೊಂದಲಕ್ಕೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ನಾನು ಬಿ.ಎಸ್ಸಿ. ಮೊದಲ ವರ್ಷದ ತರಗತಿಗೆ ಬೋಧನಾ ಸಹಾಯಕ. ಮೇಷ್ಟರು ಪಾಠ ಮಾಡಿದ ಮೇಲೆ ಲೆಕ್ಕಗಳನ್ನು ಬಿಡಿಸಿ ತೋರಿಸುವುದು, ಉತ್ತರಗಳನ್ನು ತಿದ್ದುವುದು ನನ್ನ ಪಾಲಿನ ಕೆಲಸ. ಪಿಯುಸಿಯಲ್ಲಿ ಬಗೆಹರಿಯದ ಈ ಗೊಂದಲ ಡಿಗ್ರಿಗೂ ಮಕ್ಕಳ ಜೊತೆಗೇ ಬರುತ್ತದೆ. "ಸರ್, ಎರಡರಲ್ಲಿ ಸರಿಯಾದ ಪುಸ್ತಕ ಯಾವುದು?" ಎಂದು ಅವರು ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ತರಗತಿಗೆ ಬರೆದುಕೊಟ್ಟ ಒಂದು ಟಿಪ್ಪಣಿಯನ್ನು ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಪಾಠ ಹೇಳಿಕೊಡುವ ತಂದೆ ತಾಯಂದಿರಿಗೂ ಇದು ಉಪಯೋಗಕ್ಕೆ ಬಂದೀತು.

ಎರಡೂ ಪುಸ್ತಕ ಸರಿ. ನಿಯಮವೂ ಒಂದೇ. ಬೇರೆಯಾಗಿರುವುದು W ಎಂಬ ಅಕ್ಷರ ಯಾವುದನ್ನು ಸೂಚಿಸುತ್ತದೆ ಎನ್ನುವುದು ಮಾತ್ರ. ಭೌತಶಾಸ್ತ್ರದ ಪುಸ್ತಕದ W ಅನಿಲ ಹೊರಗಿನದರ ಮೇಲೆ ಮಾಡಿದ ಕೆಲಸ. ರಸಾಯನಶಾಸ್ತ್ರದ ಪುಸ್ತಕದ w ಹೊರಗಿನವರು ಅನಿಲದ ಮೇಲೆ ಮಾಡಿದ ಕೆಲಸ. ಇವೆರಡರ ಗಾತ್ರ ಒಂದೇ, ಚಿಹ್ನೆ ವಿರುದ್ಧ. ಅನಿಲ 200 ಜೂಲ್ ಕೆಲಸ ಮಾಡಿತು ಎಂದರೆ ಅದರ ಮೇಲೆ ಆದ ಕೆಲಸ ಮೈನಸ್ 200 ಜೂಲ್.

ಇಷ್ಟು ಹೇಳಿದರೆ ವಿಷಯ ಮುಗಿಯಬೇಕಿತ್ತು, ಆದರೆ ಮುಗಿಯುವುದಿಲ್ಲ. ಇದನ್ನು ಕೇಳಿ ತಲೆಯಾಡಿಸಿದ ಮಕ್ಕಳೇ ಮುಂದಿನ ಲೆಕ್ಕದಲ್ಲಿ ತಪ್ಪು ಮಾಡುತ್ತಾರೆ. ತಪ್ಪು ಎಲ್ಲಿ ನುಸುಳುತ್ತದೆ ಎಂದು ನೋಡುವುದಕ್ಕೆ ಮುಂಚೆ ಎರಡು ಪುಸ್ತಕಗಳೂ ಒಪ್ಪುವ ಸಂಗತಿಗಳನ್ನು ಗಟ್ಟಿ ಮಾಡಿಕೊಳ್ಳೋಣ.

ಒಂದು ಸಿಲಿಂಡರಿನಲ್ಲಿ ಅನಿಲ ತುಂಬಿ ಮೇಲೆ ಜಾರುವ ಪಿಸ್ಟನ್ ಇಟ್ಟಿದೆ ಎಂದುಕೊಳ್ಳಿ. ಆ ಅನಿಲವೇ ನಮ್ಮ ವ್ಯವಸ್ಥೆ. ಅದರೊಳಗಿನ ಕಣಗಳ ಚಲನೆಯಲ್ಲೂ ಪರಸ್ಪರ ಸೆಳೆತದಲ್ಲೂ ಅಡಗಿರುವ ಒಟ್ಟು ಶಕ್ತಿಗೆ ಆಂತರಿಕ ಶಕ್ತಿ ಎಂದು ಹೆಸರು, ಅದರ ಗುರುತು U. ಈ ಶಕ್ತಿಯನ್ನು ಹೆಚ್ಚಿಸುವುದಕ್ಕೆ ಎರಡು ದಾರಿಗಳಿವೆ. ಸಿಲಿಂಡರಿನ ಕೆಳಗೆ ಉರಿ ಹಚ್ಚಿ ಉಷ್ಣ ಕೊಡಬಹುದು, ಇಲ್ಲವೇ ಪಿಸ್ಟನ್ ಒತ್ತಿ ಕೆಲಸ ಮಾಡಬಹುದು. ಕಡಿಮೆ ಮಾಡುವುದಕ್ಕೂ ಇವೇ ಎರಡು ದಾರಿ: ಉಷ್ಣ ಹೊರಗೆ ಹೋಗಲು ಬಿಡುವುದು, ಅಥವಾ ಅನಿಲವೇ ಪಿಸ್ಟನ್ನನ್ನು ಮೇಲಕ್ಕೆ ತಳ್ಳುವಂತೆ ಬಿಡುವುದು. ಉಷ್ಣದ ಚಿಹ್ನೆಯ ಬಗ್ಗೆ ಎರಡು ಪುಸ್ತಕಗಳಿಗೂ ಜಗಳವಿಲ್ಲ. ಒಳಗೆ ಬಂದರೆ ಪ್ಲಸ್, ಹೊರಗೆ ಹೋದರೆ ಮೈನಸ್. ಜಗಳವೆಲ್ಲ ಕೆಲಸದ ಬಗ್ಗೆ.

ಮನೆಯ ಜಮಾ-ಖರ್ಚಿನ ಪುಸ್ತಕವನ್ನು ಇಬ್ಬರು ಎರಡು ಬಗೆಯಲ್ಲಿ ಬರೆಯಬಹುದು. ಒಬ್ಬರು ಒಂದೇ ಅಂಕಣ ಹಾಕಿಕೊಂಡು, ಬಂದದ್ದಕ್ಕೆ ಪ್ಲಸ್, ಹೋದದ್ದಕ್ಕೆ ಮೈನಸ್ ಬರೆದು ಕೊನೆಗೆ ಎಲ್ಲವನ್ನೂ ಕೂಡುತ್ತಾರೆ. ಇನ್ನೊಬ್ಬರು ಆದಾಯಕ್ಕೊಂದು, ಖರ್ಚಿಗೊಂದು ಅಂಕಣ ಹಾಕಿ, ಖರ್ಚನ್ನೂ ಪ್ಲಸ್ ಸಂಖ್ಯೆಯಲ್ಲೇ ಬರೆದು, ಕೊನೆಗೆ ಆದಾಯದಿಂದ ಅದನ್ನು ಕಳೆಯುತ್ತಾರೆ. ಕೈಯಲ್ಲಿ ಉಳಿಯುವ ಹಣ ಇಬ್ಬರಿಗೂ ಅಷ್ಟೇ. ರಸಾಯನಶಾಸ್ತ್ರದ ಪುಸ್ತಕ ಮೊದಲನೆಯವರಂತೆ ಬರೆಯುತ್ತದೆ, ಭೌತಶಾಸ್ತ್ರದ್ದು ಎರಡನೆಯವರಂತೆ. ಅನಾಹುತವಾಗುವುದು ಒಬ್ಬರ ಪುಸ್ತಕದಿಂದ ಖರ್ಚಿನ ಸಂಖ್ಯೆ ತೆಗೆದುಕೊಂಡು ಇನ್ನೊಬ್ಬರ ರೀತಿಯಲ್ಲಿ ಮೊತ್ತ ಹಾಕಿದಾಗ.

ಭೌತಶಾಸ್ತ್ರ ಕೆಲಸವನ್ನು ಬೇರೆ ಅಂಕಣದಲ್ಲಿ ಇಟ್ಟದ್ದು ಏಕೆ? ಈ ಶಾಸ್ತ್ರ ಹುಟ್ಟಿದ್ದು ಉಗಿಯಂತ್ರದ ಪಕ್ಕದಲ್ಲಿ. ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ತವರ ಮತ್ತು ತಾಮ್ರದ ಗಣಿಗಳಿದ್ದವು. ಆಳಕ್ಕೆ ಇಳಿದಂತೆ ನೀರು ತುಂಬಿಕೊಳ್ಳುತ್ತಿತ್ತು, ಅದನ್ನು ಎತ್ತಿ ಹೊರಗೆ ಹಾಕಲು ಉಗಿಯಂತ್ರ ಬೇಕಿತ್ತು. ಅಲ್ಲಿ ಕಲ್ಲಿದ್ದಲು ಸಿಗುತ್ತಿರಲಿಲ್ಲ, ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕಿತ್ತು. ಹಾಗಾಗಿ ಒಂದು ಬುಷೆಲ್ ಕಲ್ಲಿದ್ದಲು ಉರಿಸಿದರೆ ಎಷ್ಟು ಪೌಂಡ್ ನೀರು ಒಂದು ಅಡಿ ಮೇಲೆ ಬರುತ್ತದೆ ಎನ್ನುವುದು ಗಣಿ ಮಾಲೀಕರಿಗೆ ಲಾಭ ನಷ್ಟದ ಪ್ರಶ್ನೆಯಾಗಿತ್ತು. 1811ರಿಂದ ಅಲ್ಲಿ ಯಂತ್ರಗಳ ಈ ಸಾಮರ್ಥ್ಯವನ್ನು ಅಳೆದು ತಿಂಗಳು ತಿಂಗಳು ಅಚ್ಚು ಹಾಕಿಸಿ ಹಂಚುವ ಪರಿಪಾಠವೂ ಶುರುವಾಯಿತು. ಇಂಥ ಜಾಗದಲ್ಲಿ ಒಳಗೆ ಹೋಗುವ ಉಷ್ಣವೂ ಪ್ಲಸ್, ಹೊರಗೆ ಬರುವ ಕೆಲಸವೂ ಪ್ಲಸ್ ಆಗುವುದು ಸಹಜ. ಕಲ್ಲಿದ್ದಲಿಗೆ ಹಣ ತೆತ್ತವನಿಗೆ ತನ್ನ ಯಂತ್ರ ಮಾಡಿದ ಕೆಲಸವನ್ನು ಮೈನಸ್ ಎಂದು ಬರೆದುಕೊಳ್ಳಲು ಕಾರಣವೇ ಇರಲಿಲ್ಲ.

ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ಬೆಂಕಿಯ ಚಾಲಕ ಶಕ್ತಿಯ ಬಗ್ಗೆ ಬರೆದ ಪುಟ್ಟ ಪುಸ್ತಕದ ಪ್ರಶ್ನೆಯೂ ಇದೇ ಬಗೆಯದು: ಉಷ್ಣದಿಂದ ಹೆಚ್ಚೆಂದರೆ ಎಷ್ಟು ಕೆಲಸ ಪಡೆಯಬಹುದು? 1850ರಲ್ಲಿ ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ ಮೊದಲ ನಿಯಮಕ್ಕೆ ಸಮೀಕರಣದ ರೂಪ ಕೊಟ್ಟಾಗ ಎದುರಿಗೆ ಇಟ್ಟುಕೊಂಡಿದ್ದೂ ಇದೇ ಚಿತ್ರ. ಕೊಟ್ಟ ಉಷ್ಣ ಎರಡು ಪಾಲಾಗುತ್ತದೆ, ಒಂದು ಪಾಲು ಒಳಗೆ ಉಳಿಯುತ್ತದೆ, ಇನ್ನೊಂದು ಕೆಲಸವಾಗಿ ಹೊರಗೆ ಹೋಗುತ್ತದೆ. ನಮ್ಮ ಭೌತಶಾಸ್ತ್ರದ ಪುಸ್ತಕದ ΔQ = ΔU + ΔW ಹೇಳುವುದು ಇದನ್ನೇ. ಜೆಇಇಗೆ ಓದುವವರು ತಿರುವಿಹಾಕುವ ಎಚ್. ಸಿ. ವರ್ಮಾ ಅವರ ಪುಸ್ತಕದಲ್ಲೂ, ಹ್ಯಾಲಿಡೇ-ರೆಸ್ನಿಕ್‌ನಲ್ಲೂ ಇದೇ ಪದ್ಧತಿ.

ರಸಾಯನಶಾಸ್ತ್ರಜ್ಞನ ಮುಂದೆ ಇರುವುದು ಯಂತ್ರವಲ್ಲ, ಒಂದು ಫ್ಲಾಸ್ಕು. ಅದರೊಳಗೆ ಕ್ರಿಯೆ ನಡೆದಿದೆ. ಪದಾರ್ಥದ ಶಕ್ತಿ ಹೆಚ್ಚಿತೋ ಕಡಿಮೆಯಾಯಿತೋ ಎನ್ನುವುದೇ ಅವನಿಗೆ ಮುಖ್ಯ. ತೆರೆದ ಫ್ಲಾಸ್ಕಿನಲ್ಲಿ ಅನಿಲ ಹುಟ್ಟಿ ಮೇಲಿನ ಗಾಳಿಯನ್ನು ತಳ್ಳಿದರೆ ಅಷ್ಟು ಕೆಲಸ ಆಗಿಯೇ ಆಗುತ್ತದೆ, ಆದರೆ ಅದರಿಂದ ಯಾರೂ ನೀರು ಎತ್ತುವುದಿಲ್ಲ. ಅವನ ಪಾಲಿಗೆ ಅದು ವ್ಯವಸ್ಥೆ ಕಳೆದುಕೊಂಡ ಶಕ್ತಿ. ಹಾಗಾಗಿ ಉಷ್ಣವಾಗಲಿ ಕೆಲಸವಾಗಲಿ, ಒಳಗೆ ಬಂದದ್ದು ಪ್ಲಸ್, ಹೊರಗೆ ಹೋದದ್ದು ಮೈನಸ್ ಎಂಬ ಒಂದೇ ನಿಯಮ ಅವನಿಗೆ ಅನುಕೂಲ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ ಶಿಫಾರಸು ಮಾಡಿರುವುದೂ ಇದನ್ನೇ. ಎನ್‌ಸಿಇಆರ್‌ಟಿಯ ರಸಾಯನಶಾಸ್ತ್ರದ ಪುಸ್ತಕ ಇದನ್ನು ಮುಚ್ಚಿಟ್ಟಿಲ್ಲ. ಹಿಂದೆ ಚಿಹ್ನೆಗಳು ಇದಕ್ಕೆ ತಿರುವುಮುರುವಾಗಿದ್ದವು, ಭೌತಶಾಸ್ತ್ರದ ಪುಸ್ತಕಗಳಲ್ಲಿ ಈಗಲೂ ಹಳೆಯ ಕ್ರಮವೇ ಇದೆ ಎಂದು ಒಂದು ಸಣ್ಣ ಸೂಚನೆಯಲ್ಲಿ ಹೇಳಿಯೇ ಇದೆ. ಆ ಸೂಚನೆ ಎಷ್ಟು ಸಣ್ಣದೆಂದರೆ ಬಹಳ ಮಕ್ಕಳ ಕಣ್ಣಿಗೆ ಅದು ಬಿದ್ದೇ ಇರುವುದಿಲ್ಲ. ನನ್ನ ಪ್ರಕಾರ ಅದು ಅಧ್ಯಾಯದ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಇರಬೇಕಿತ್ತು.

ಇಷ್ಟು ಕೇಳಿ ಇದನ್ನು ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ನಡುವಿನ ಗಡಿ ಎಂದುಕೊಳ್ಳಬೇಡಿ. ಮ್ಯಾಕ್ಸ್ ಪ್ಲಾಂಕ್ ಅಪ್ಪಟ ಭೌತವಿಜ್ಞಾನಿ. 1897ರಲ್ಲಿ ಪ್ರಕಟವಾದ ಅವರ ಥರ್ಮೋಡೈನಮಿಕ್ಸ್ ಪುಸ್ತಕದಲ್ಲಿ ಉಷ್ಣವನ್ನೂ ಕೆಲಸವನ್ನೂ ಕೂಡುತ್ತಾರೆ, ಇಂದಿನ ರಸಾಯನಶಾಸ್ತ್ರದ ಪುಸ್ತಕದ ಹಾಗೆಯೇ. ಎನ್ರಿಕೊ ಫರ್ಮಿ ಕೂಡ ಭೌತವಿಜ್ಞಾನಿ. 1937ರ ಅವರ ಪುಸ್ತಕದಲ್ಲಿ ಕೆಲಸ ಎಂದರೆ ವ್ಯವಸ್ಥೆ ಮಾಡಿದ ಕೆಲಸ, ಯಂತ್ರದ ಕಾಲದ ಕ್ರಮ. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ ಸರ್ವೇ ಅವರ ಭೌತಶಾಸ್ತ್ರದ ಪುಸ್ತಕದ ಹಳೆಯ ಆವೃತ್ತಿಗಳಲ್ಲಿ ಕಳೆಯುವ ಕ್ರಮವಿತ್ತು, ಮುಂದಿನವುಗಳಲ್ಲಿ ಕೂಡುವ ಕ್ರಮ ಬಂತು. ಆದ್ದರಿಂದ ರಕ್ಷಾಪುಟದ ಮೇಲೆ ಯಾವ ವಿಷಯದ ಹೆಸರಿದೆ ಎಂದು ನೋಡಿ ಚಿಹ್ನೆ ಊಹಿಸುವುದು ಅಪಾಯ. ಸಮೀಕರಣದ ಕೆಳಗಿನ ಸಾಲನ್ನು ಓದಲೇಬೇಕು.

ಈಗ ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಸಿಲಿಂಡರಿನಲ್ಲಿ 1 ಲೀಟರ್ ಹೀಲಿಯಂ ಇದೆ. ತಾಪಮಾನ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್. ಒತ್ತಡ ಹೆಚ್ಚುಕಡಿಮೆ ವಾತಾವರಣದಷ್ಟೇ, 1 ಲಕ್ಷ ಪಾಸ್ಕಲ್. ಕೆಳಗಿನಿಂದ 500 ಜೂಲ್ ಉಷ್ಣ ಕೊಟ್ಟೆವು. ಪಿಸ್ಟನ್ ನಿಧಾನವಾಗಿ ಮೇಲೇರಿತು, ಒತ್ತಡ ಬದಲಾಗಲಿಲ್ಲ, ಗಾತ್ರ 3 ಲೀಟರ್ ಆಯಿತು. ಪಿಸ್ಟನ್ನನ್ನು ತಳ್ಳಿದ ಕೆಲಸ ಒತ್ತಡವನ್ನು ಗಾತ್ರದ ಹೆಚ್ಚಳದಿಂದ ಗುಣಿಸಿದಷ್ಟು. ಹೆಚ್ಚಳ 2 ಲೀಟರ್, ಅಂದರೆ 0.002 ಘನ ಮೀಟರ್. 1 ಲಕ್ಷದಿಂದ ಗುಣಿಸಿದರೆ 200 ಜೂಲ್.

ಭೌತಶಾಸ್ತ್ರದ ಪುಸ್ತಕ ಹಿಡಿದವರು ಅನಿಲ ಕೆಲಸ ಮಾಡಿತು, W = +200 ಎಂದು ಬರೆಯುತ್ತಾರೆ. ΔU = 500 − 200 = 300 ಜೂಲ್. ರಸಾಯನಶಾಸ್ತ್ರದ ಪುಸ್ತಕ ಹಿಡಿದವರು ಅನಿಲ ಶಕ್ತಿ ಕಳೆದುಕೊಂಡಿತು, w = −200 ಎಂದು ಬರೆಯುತ್ತಾರೆ. ΔU = 500 + (−200) = 300 ಜೂಲ್. ಉತ್ತರ ಒಂದೇ.

ತಪ್ಪು ಮಾಡುವವರ ಉತ್ತರ 700 ಜೂಲ್. ಸಮೀಕರಣವನ್ನು ರಸಾಯನಶಾಸ್ತ್ರದಿಂದ ನೆನಪಿಟ್ಟುಕೊಂಡು, ಕೆಲಸದ ಸಂಖ್ಯೆಯನ್ನು ಭೌತಶಾಸ್ತ್ರದ ರೀತಿಯಲ್ಲಿ ಹಾಕಿ, 500 + 200 ಎಂದು ಕೂಡಿರುತ್ತಾರೆ. ನಾನು ತಿದ್ದುವ ಹಾಳೆಗಳಲ್ಲಿ ಕಾಣುವ ತಪ್ಪು ಬಹುಪಾಲು ಇದೇ. ಮಕ್ಕಳಿಗೆ ಎರಡೂ ಸಮೀಕರಣ ಗೊತ್ತಿರುತ್ತದೆ. ಆದರೆ ಒಂದರ ಅರ್ಧ, ಇನ್ನೊಂದರ ಅರ್ಧ ಸೇರಿಕೊಂಡಿರುತ್ತದೆ.

ಈ ತಪ್ಪನ್ನು ಹಿಡಿಯಲು ಪುಸ್ತಕವೇ ಬೇಕಿಲ್ಲ. ನಾವು ಕೊಟ್ಟದ್ದೇ 500 ಜೂಲ್, ಅನಿಲ ಅದರಲ್ಲಿ ಒಂದಿಷ್ಟನ್ನು ಪಿಸ್ಟನ್ ಎತ್ತಲು ಖರ್ಚು ಮಾಡಿದೆ. ಹಾಗಿದ್ದೂ ಅದರೊಳಗೆ 700 ಜೂಲ್ ಸೇರಿತು ಎಂದರೆ ಉಳಿದದ್ದು ಎಲ್ಲಿಂದ ಬಂತು? ಇದಕ್ಕಿಂತ ಗಟ್ಟಿಯಾದ ಪರೀಕ್ಷೆಯೂ ಇದೆ. ಒತ್ತಡ ಬದಲಾಗದೆ ಗಾತ್ರ ಮೂರು ಪಟ್ಟಾದರೆ ಕೆಲ್ವಿನ್ ತಾಪಮಾನವೂ ಮೂರು ಪಟ್ಟಾಗಬೇಕು, 300ರಿಂದ 900ಕ್ಕೆ. ಹೀಲಿಯಂನಂಥ ಒಂಟಿ ಪರಮಾಣುವಿನ ಅನಿಲದ ಆಂತರಿಕ ಶಕ್ತಿ ತಾಪಮಾನವೊಂದನ್ನೇ ಅವಲಂಬಿಸಿದೆ. ಅದರ ಹೆಚ್ಚಳ (3/2)nRΔT, ಒತ್ತಡ ಸ್ಥಿರವಿದ್ದಾಗ ಅದು (3/2)pΔV ಎಂದಾಗುತ್ತದೆ. 200ರ ಒಂದೂವರೆ ಪಟ್ಟು 300. ಈ ದಾರಿಯಲ್ಲಿ ಕೆಲಸದ ಚಿಹ್ನೆ ಎಲ್ಲೂ ಬರಲೇ ಇಲ್ಲ, ಆದರೂ 300 ಸಿಕ್ಕಿತು. ಯಾವ ಪುಸ್ತಕ ಓದಿ ಬಂದಿರಿ ಎಂದು ಥರ್ಮಾಮೀಟರ್ ಕೇಳುವುದಿಲ್ಲ.

ಅರ್ಧಂಬರ್ಧ ಬೆರಕೆ ಏಕಾಗುತ್ತದೆ ಎಂದರೆ ಚಿಹ್ನೆಯ ಆಯ್ಕೆ ಒಂದೇ ಕಡೆ ಇರುವುದಿಲ್ಲ. ಅದು ಎರಡು ಜಾಗಗಳಲ್ಲಿ ಕೂತಿದೆ. ಒಂದು, ಮೊದಲ ನಿಯಮದ ಸಮೀಕರಣದಲ್ಲಿ. ಇನ್ನೊಂದು, ಕೆಲಸವನ್ನು ಲೆಕ್ಕ ಹಾಕುವ ಸೂತ್ರದಲ್ಲಿ. ಭೌತಶಾಸ್ತ್ರದಲ್ಲಿ W = pΔV, ರಸಾಯನಶಾಸ್ತ್ರದಲ್ಲಿ w = −pΔV. ಸಮೀಕರಣದಲ್ಲಿ ಪ್ಲಸ್ ಇದ್ದರೆ ಸೂತ್ರದಲ್ಲಿ ಮೈನಸ್, ಸಮೀಕರಣದಲ್ಲಿ ಮೈನಸ್ ಇದ್ದರೆ ಸೂತ್ರದಲ್ಲಿ ಪ್ಲಸ್. ಎರಡರಲ್ಲಿ ಯಾವ ಜೋಡಿಯನ್ನು ಹಿಡಿದರೂ ಕೊನೆಗೆ ಬಂದು ನಿಲ್ಲುವುದು ΔU = Q − pΔV ಎಂಬ ಒಂದೇ ಸಾಲಿಗೆ. ಇದರಲ್ಲಿ W ಇಲ್ಲ. ಹಾಗಾಗಿ ಜಗಳವೂ ಇಲ್ಲ. ಒತ್ತಡ ಸ್ಥಿರವಾಗಿರುವ ಲೆಕ್ಕಗಳಲ್ಲಿ ನೇರವಾಗಿ ಈ ಸಾಲಿನಿಂದಲೇ ಶುರುಮಾಡಿ ಎಂದು ನಾನು ಮಕ್ಕಳಿಗೆ ಹೇಳುವುದು ಇದಕ್ಕಾಗಿ.

ಅದೇ ಹೀಲಿಯಂ ತಣ್ಣಗಾಗಿ 3 ಲೀಟರಿನಿಂದ 1 ಲೀಟರಿಗೆ ಮರಳಿದರೆ ಏನಾಗುತ್ತದೆ ನೋಡಿ. ಉಷ್ಣ 500 ಜೂಲ್ ಹೊರಗೆ ಹೋಯಿತು, ಹೊರಗಿನ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ಒತ್ತಿತು. ಭೌತಶಾಸ್ತ್ರದವರು ಈಗ −500 − (−200) ಎಂದು ಬರೆಯಬೇಕು, ರಸಾಯನಶಾಸ್ತ್ರದವರು −500 + 200 ಎಂದು. ಎರಡೂ −300. ಮೈನಸ್ ಒಳಗೆ ಮೈನಸ್ ಬರುವ ಮೊದಲನೆಯದರಲ್ಲೇ ಕೈ ಜಾರುವುದು ಹೆಚ್ಚು. ಅನಿಲವನ್ನು ಅದುಮುವ ಲೆಕ್ಕಗಳಿಗೆ ರಸಾಯನಶಾಸ್ತ್ರದ ಕ್ರಮ ಸಲೀಸು ಎನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಅದುಮುವ ಮಾತು ಬಂದಾಗ ಸೈಕಲ್ ಪಂಪನ್ನು ಬಿಡುವ ಹಾಗಿಲ್ಲ. ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಸರಕ್ಕನೆ ಒತ್ತಿದರೆ ಒಳಗಿನ ಗಾಳಿಗೆ ಉಷ್ಣವನ್ನು ಹೊರಗೆ ಬಿಡಲು ಸಮಯವೇ ಸಿಗುವುದಿಲ್ಲ, Q ಹೆಚ್ಚುಕಡಿಮೆ ಸೊನ್ನೆ. ಒಂದಿಷ್ಟೂ ಉಷ್ಣ ಸೋರದೆ ಗಾತ್ರ ಅರ್ಧವಾದರೆ 27 ಡಿಗ್ರಿಯ ಗಾಳಿ ಸುಮಾರು 123 ಡಿಗ್ರಿಗೆ ಏರಬೇಕು. ನಿಜವಾದ ಪಂಪಿನಲ್ಲಿ ಕೊಳವೆಯ ಲೋಹ ಉಷ್ಣವನ್ನು ಹೀರಿಕೊಳ್ಳುವುದರಿಂದ ಅಷ್ಟು ಏರುವುದಿಲ್ಲ, ಆದರೂ ಟಯರಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿದರೆ ಬಿಸಿ ಗೊತ್ತಾಗುತ್ತದೆ. ನಮ್ಮ ಕೈ ಗಾಳಿಯ ಮೇಲೆ ಮಾಡಿದ ಕೆಲಸ ಅದರ ಆಂತರಿಕ ಶಕ್ತಿಯನ್ನು ಹೆಚ್ಚಿಸಿತು. ಲೆಕ್ಕದಲ್ಲಿ ಚಿಹ್ನೆ ತಪ್ಪಿದ್ದರೆ ಅದುಮಿದ ಗಾಳಿ ತಣ್ಣಗಾಗುತ್ತದೆ ಎಂಬ ಉತ್ತರ ಬರುತ್ತದೆ. ಉಷ್ಣದ ವಿನಿಮಯವಿಲ್ಲದ ಲೆಕ್ಕ ಸಿಕ್ಕಾಗಲೆಲ್ಲ ಇದನ್ನು ನೆನೆಸಿಕೊಳ್ಳಿ. ಅದುಮಿದರೆ ಬಿಸಿ, ತಾನೇ ತಳ್ಳಿಕೊಂಡು ಹಿಗ್ಗಿದರೆ ತಂಪು. ಉತ್ತರದ ΔU ಇದಕ್ಕೆ ಹೊಂದದಿದ್ದರೆ ಎಲ್ಲೋ ಎರಡು ಪುಸ್ತಕ ಬೆರೆತಿವೆ.

ಭೌತಶಾಸ್ತ್ರದ ಪುಸ್ತಕ ತನ್ನೊಳಗೇ ಒಂದೇ ಕ್ರಮ ಪಾಲಿಸುತ್ತದೆಯೇ ಎಂದು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಕೆಲಸ, ಶಕ್ತಿ, ಸಾಮರ್ಥ್ಯದ ಅಧ್ಯಾಯ ಥರ್ಮೋಡೈನಮಿಕ್ಸ್‌ಗಿಂತ ಎಷ್ಟೋ ಮೊದಲೇ ಬರುತ್ತದೆ. 2 ಕಿಲೋಗ್ರಾಂ ತೂಕದ ಚೆಂಡನ್ನು ನಿಂತಲ್ಲಿಂದ ಸೆಕೆಂಡಿಗೆ 3 ಮೀಟರ್ ವೇಗಕ್ಕೆ ತಂದರೆ ಅದರ ಚಲನ ಶಕ್ತಿ 9 ಜೂಲ್ ಹೆಚ್ಚುತ್ತದೆ, ಚೆಂಡಿನ ಮೇಲೆ ಆದ ಒಟ್ಟು ಕೆಲಸವೂ +9 ಜೂಲ್. ಅಲ್ಲಿ ವಸ್ತುವಿನ ಮೇಲೆ ಆದ ಕೆಲಸವೇ ಪ್ಲಸ್, ಅಂದರೆ ರಸಾಯನಶಾಸ್ತ್ರದವರ ಕ್ರಮವೇ. ಕೆಲವು ಅಧ್ಯಾಯ ದಾಟಿ ಅನಿಲಕ್ಕೆ ಬಂದೊಡನೆ ವಸ್ತು ಮಾಡಿದ ಕೆಲಸ ಪ್ಲಸ್ ಆಗುತ್ತದೆ. ಇದು ತಪ್ಪಲ್ಲ, ಆದರೆ ಕ್ರಮ ಬದಲಾಗುತ್ತಿದೆ ಎಂದು ಪಾಠ ಮಾಡುವವರು ಬಾಯಿಬಿಟ್ಟು ಹೇಳಬೇಕು.

ಫ್ರಿಜ್ಜಿನ ವಿಷಯದಲ್ಲಂತೂ ಥರ್ಮೋಡೈನಮಿಕ್ಸ್‌ನ ಒಳಗೇ ಚಿಹ್ನೆ ಹೊರಳುತ್ತದೆ. ಫ್ರಿಜ್ಜು ಒಳಗಿನಿಂದ 300 ಜೂಲ್ ಉಷ್ಣ ತೆಗೆದು, ಕಂಪ್ರೆಸರಿನಿಂದ 100 ಜೂಲ್ ಕೆಲಸ ಪಡೆದು, ಅಡುಗೆಮನೆಗೆ 400 ಜೂಲ್ ಬಿಡುತ್ತದೆ ಎನ್ನಿ. ಅದರೊಳಗಿನ ದ್ರವ ಒಂದು ಸುತ್ತು ಮುಗಿಸಿ ಮೊದಲಿನ ಸ್ಥಿತಿಗೇ ಬರುವುದರಿಂದ ΔU ಸೊನ್ನೆ. ಒಟ್ಟು ಉಷ್ಣ 300 − 400 = −100. ಭೌತಶಾಸ್ತ್ರದ ಕ್ರಮವನ್ನು ಕಟ್ಟುನಿಟ್ಟಾಗಿ ಹಿಡಿದರೆ W = −100. ಆದರೆ ಫ್ರಿಜ್ಜಿನ ದಕ್ಷತೆಯ ಸೂತ್ರದಲ್ಲಿ, ಒಳಗಿನಿಂದ ತೆಗೆದ ಉಷ್ಣವನ್ನು W ಇಂದ ಭಾಗಿಸುವಾಗ, 3 ಎಂಬ ಉತ್ತರ ಬರುತ್ತದೆಯೇ ಹೊರತು −3 ಅಲ್ಲ. ಅಲ್ಲಿ W ಎಂದರೆ ಫ್ರಿಜ್ಜಿನ ಮೇಲೆ ಮಾಡಿದ ಕೆಲಸ, ಅಥವಾ ಕೆಲಸದ ಗಾತ್ರವಷ್ಟೇ. ಮೈನಸ್ ಹಾಕಿ ಉತ್ತರ ಬರೆದ ವಿದ್ಯಾರ್ಥಿನಿಯೊಬ್ಬಳು ತನ್ನ ಲೆಕ್ಕ ನಿಯಮದ ಪ್ರಕಾರವೇ ಇದೆಯಲ್ಲ ಎಂದು ವಾದಿಸಿದಳು. ಅವಳ ವಾದದಲ್ಲಿ ನ್ಯಾಯವಿತ್ತು. ಸೂತ್ರದ W ಬೇರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ವಿದ್ಯುತ್ ಕೋಶಕ್ಕೆ ಬಂದಾಗ ಇದೇ ಚಿಹ್ನೆ ಬೇರೆ ವೇಷದಲ್ಲಿ ಎದುರಾಗುತ್ತದೆ. ΔG = −nFE ಎಂಬ ಸೂತ್ರದ ಮೈನಸ್ ಎಲ್ಲಿಂದ ಬಂತು ಎಂದು ತಿಳಿಯದೆ ಅದನ್ನು ಬಾಯಿಪಾಠ ಮಾಡುವವರೇ ಹೆಚ್ಚು. ಸತು ಮತ್ತು ತಾಮ್ರದ ಡೇನಿಯಲ್ ಕೋಶದ ವೋಲ್ಟೇಜು ಪ್ರಮಾಣಿತ ಸ್ಥಿತಿಯಲ್ಲಿ 1.1. ಒಂದು ಮೋಲ್ ಸತು ಕರಗಿದಾಗ ಎರಡು ಮೋಲ್ ಎಲೆಕ್ಟ್ರಾನ್ ತಂತಿಯಲ್ಲಿ ಹರಿಯುತ್ತವೆ, ಮೋಲಿಗೆ 96,500 ಕೂಲಂಬ್ ಲೆಕ್ಕದಲ್ಲಿ. ಮೂರನ್ನೂ ಗುಣಿಸಿದರೆ ಸುಮಾರು 212 ಕಿಲೋಜೂಲ್. ಕೋಶದಿಂದ ಹೊರಗಿನ ಮೋಟಾರಿಗೋ ಬಲ್ಬಿಗೋ ಹೆಚ್ಚೆಂದರೆ ಸಿಗಬಹುದಾದ ವಿದ್ಯುತ್ ಕೆಲಸ ಅದು. ಹೊರಗೆ ಹೋದ ಕೆಲಸವಾದ್ದರಿಂದ ರಸಾಯನಶಾಸ್ತ್ರದ ಕ್ರಮದಲ್ಲಿ −212. ತಾಪಮಾನ, ಒತ್ತಡ ಬದಲಾಗದಾಗ ΔG ಎನ್ನುವುದು ಈ ಕೆಲಸವೇ, ಅದಕ್ಕೇ ಮೈನಸ್. ಕೋಶವನ್ನು ಯಂತ್ರವೆಂದು ಕಂಡು ಅದು ಮಾಡುವ ಕೆಲಸ ಎಷ್ಟು ಎಂದು ಕೇಳಿದರೆ ಉತ್ತರ +212 ಕಿಲೋಜೂಲ್, ಆಗಲೂ ΔG ಮಾತ್ರ −212 ಆಗಿಯೇ ಉಳಿಯುತ್ತದೆ. U, H, G ಇವು ವ್ಯವಸ್ಥೆಯ ಗುಣಗಳು, ಅವುಗಳ ಬದಲಾವಣೆಯ ಚಿಹ್ನೆ ಪುಸ್ತಕ ಬದಲಾದರೆ ಬದಲಾಗುವುದಿಲ್ಲ. ಪುಸ್ತಕದ ಜೊತೆಗೆ ಹೊರಳುವುದು W ಒಂದೇ.

ಎರಡರಲ್ಲಿ ನನಗೆ ಇಷ್ಟವಾದದ್ದು ಯಾವುದು ಎಂದರೆ ಕೂಡುವ ಕ್ರಮ. ಉಷ್ಣಕ್ಕೊಂದು, ಕೆಲಸಕ್ಕೊಂದು ನಿಯಮ ನೆನಪಿಡಬೇಕಿಲ್ಲ. ಅನಿಲದ ಆಚೆಗೆ, ಸ್ಪ್ರಿಂಗ್ ಎಳೆಯುವುದಕ್ಕೋ ಬ್ಯಾಟರಿ ಚಾರ್ಜ್ ಮಾಡುವುದಕ್ಕೋ ಹೋದಾಗಲೂ ಆ ಒಂದೇ ನಿಯಮ ಸಾಕಾಗುತ್ತದೆ. ಆದರೆ ಎಂಜಿನ್ನಿನ ಪಾಠಕ್ಕೆ ಹಳೆಯ ಕ್ರಮವೇ ಒಗ್ಗುತ್ತದೆ ಎನ್ನುವುದನ್ನೂ ಒಪ್ಪುತ್ತೇನೆ. p-V ನಕ್ಷೆಯಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿದ ಗೆರೆಯೊಳಗಿನ ವಿಸ್ತೀರ್ಣ ನೇರವಾಗಿ ಎಂಜಿನ್ ಕೊಟ್ಟ ಕೆಲಸ, ಅದಕ್ಕೆ ಮೈನಸ್ ಅಂಟಿಸುವುದು ಅಡ್ಡಿಯಾಗುತ್ತದೆ.

ನನ್ನ ತರಗತಿಗೆ ನಾನು ಒತ್ತಾಯ ಮಾಡುವುದು ಒಂದನ್ನೇ. ಉತ್ತರದ ಮೊದಲ ಸಾಲಿನಲ್ಲಿ, ಸಂಖ್ಯೆ ಹಾಕುವ ಮುಂಚೆ, "W = ಅನಿಲ ಮಾಡಿದ ಕೆಲಸ" ಎಂದೋ "w = ಅನಿಲದ ಮೇಲೆ ಮಾಡಿದ ಕೆಲಸ" ಎಂದೋ ಪದಗಳಲ್ಲಿ ಬರೆಯಿರಿ. ಆಮೇಲೆ ಆ ಲೆಕ್ಕ ಮುಗಿಯುವವರೆಗೆ ಕ್ರಮ ಬದಲಿಸಬೇಡಿ. ಹಾಗೆ ಬರೆದ ಉತ್ತರಕ್ಕೆ, ಕ್ರಮ ಯಾವುದೇ ಇರಲಿ, ನಾನು ಪೂರ್ತಿ ಅಂಕ ಕೊಡುತ್ತೇನೆ. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿಯೂ ಒಂದು ಕೋರಿಕೆಯಿದೆ. ಆಯ್ಕೆಗಳಲ್ಲಿ +200, −200 ಎರಡನ್ನೂ ಇಟ್ಟು "W ಎಷ್ಟು?" ಎಂದಷ್ಟೇ ಕೇಳಿದರೆ ಆ ಪ್ರಶ್ನೆಗೆ ಉತ್ತರವಿಲ್ಲ. ಅನಿಲ ಮಾಡಿದ ಕೆಲಸವೋ ಅದರ ಮೇಲೆ ಆದದ್ದೋ ಎಂದು ಪ್ರಶ್ನೆಯಲ್ಲೇ ಇರಬೇಕು.

ಚಿಹ್ನೆಯ ಬಗ್ಗೆ ಇಷ್ಟೆಲ್ಲ ಎಚ್ಚರ ವಹಿಸಿಯೂ ಉತ್ತರ ಪೂರಾ ತಪ್ಪುವ ಜಾಗವೊಂದಿದೆ. pΔV ಸೂತ್ರದ p ಎಂದರೆ ಅನಿಲ ಎದುರಿಸಿ ತಳ್ಳುವ ಹೊರಗಿನ ಒತ್ತಡ. ನಿಧಾನವಾಗಿ ಹಿಗ್ಗುವಾಗ ಒಳಗಿನದೂ ಹೊರಗಿನದೂ ಸರಿಸಮ ಇರುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಜೇಮ್ಸ್ ಜೂಲ್ 1845ರಲ್ಲಿ ವರದಿ ಮಾಡಿದ ಒಂದು ಪ್ರಯೋಗದಲ್ಲಿ ಎರಡು ತಾಮ್ರದ ಪಾತ್ರೆಗಳನ್ನು ನೀರಿನಲ್ಲಿ ಮುಳುಗಿಸಿ ಇಟ್ಟಿದ್ದರು. ಒಂದರಲ್ಲಿ 22 ವಾತಾವರಣದಷ್ಟು ಒತ್ತಡದ ಗಾಳಿ, ಇನ್ನೊಂದು ಖಾಲಿ. ನಡುವಿನ ನಲ್ಲಿ ತಿರುಗಿಸಿದಾಗ ಗಾಳಿ ಖಾಲಿ ಪಾತ್ರೆಗೂ ನುಗ್ಗಿತು, ಆದರೆ ನೀರಿನ ತಾಪಮಾನದಲ್ಲಿ ಅವರ ಥರ್ಮಾಮೀಟರಿಗೆ ಸಿಗುವಷ್ಟು ಬದಲಾವಣೆ ಕಾಣಲಿಲ್ಲ. ಗಾತ್ರ ಹೆಚ್ಚಿತು, ಆದರೆ ಎದುರಿಗೆ ತಳ್ಳಲು ಏನೂ ಇರಲಿಲ್ಲ. ಹೊರಗಿನ ಒತ್ತಡ ಸೊನ್ನೆ, ಕೆಲಸವೂ ಸೊನ್ನೆ. ಇಲ್ಲಿ 22 ವಾತಾವರಣವನ್ನು p ಎಂದು ಹಿಡಿದು ಗುಣಿಸಿದವರಿಗೆ ಯಾವ ಪುಸ್ತಕದ ಚಿಹ್ನೆ ಹಾಕಿದರೂ ಸರಿಯುತ್ತರ ಸಿಗುವುದಿಲ್ಲ. ಮುಂದಿನ ವಾರದ ಅಭ್ಯಾಸದ ಹಾಳೆಯಲ್ಲಿ ಮೊದಲ ಲೆಕ್ಕವೇ ಇದು. ಎರಡೂ ಕ್ರಮದಲ್ಲಿ ಮಾಡಿಕೊಂಡು ಬನ್ನಿ ಎಂದು ತರಗತಿಗೆ ಹೇಳಿದ್ದೇನೆ.